ಬಟ್ಟೆಕೋಣೆಗೆ ಒಬ್ಬರು ಬೇಕಾಗಿದ್ದಾರೆ

ನನ್ನ ಕೈಬರಹ ದುಂಡಗಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ಒಂಬತ್ತನೇ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುತ್ತಿತ್ತು. ಆ ವರ್ಷವೇ ಅಮ್ಮ ಕಾಯಿಲೆ ಬಿದ್ದಳು, ನೋಡಿಕೊಳ್ಳಲು ಮನೆಯಲ್ಲಿ ಉಳಿದೆ. ಅವಳು ಎದ್ದು ಓಡಾಡುವಂತಾದ ಮೇಲೂ ನಾನು ಶಾಲೆಗೆ ವಾಪಸು ಹೋಗಲಿಲ್ಲ. ಇದನ್ನು ಬರೆದು ಮೂರು ಸಲ ಓದಿದ್ದೇನೆ. ತಪ್ಪು ಕಂಡಲ್ಲಿ ಗೀಟು ಹಾಕಿ ತಿದ್ದಿದ್ದೇನೆ.

ಬರೆಯುತ್ತಿರುವುದು ನನ್ನ ದೊಡ್ಡಮ್ಮನ ಬಗ್ಗೆ, ಅಂದರೆ ನಮ್ಮ ಮನೆಯಲ್ಲೇ ಇದ್ದ ಅಮ್ಮನ ಅಕ್ಕನ ಬಗ್ಗೆ. ಆಸ್ಪತ್ರೆಯ ಬಟ್ಟೆಕೋಣೆಯನ್ನು ಅವಳು ಇಪ್ಪತ್ತಾರು ವರ್ಷ ನೋಡಿಕೊಂಡಳು. ಈಗ ಅವಳ ಜಾಗದಲ್ಲಿರುವವರು ಮೊನ್ನೆ ನನ್ನನ್ನು ಕೇಳಿದರು, "ನಿಮ್ಮ ದೊಡ್ಡಮ್ಮ ಹೆಂಗಿದ್ರು? ಎಲ್ಲರೂ ಅವರ ಮಾತೇ ಆಡ್ತಾರೆ, ನಾನು ಮುಖಾನೇ ನೋಡಿಲ್ಲ." ನನಗೆ ಬಾಯಲ್ಲಿ ಹೇಳಲು ಬರಲಿಲ್ಲ. ಬರೆದು ಕೊಡುತ್ತೇನೆ ಎಂದೆ.

ಬಟ್ಟೆಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿದೆ. ಎರಡು ಬಾಗಿಲು. ಒಂದರಲ್ಲಿ ಕೊಳೆ ಬಟ್ಟೆ ಒಳಗೆ ಬರುತ್ತದೆ, ಇನ್ನೊಂದರಲ್ಲಿ ಒಗೆದ ಬಟ್ಟೆ ಹೊರಗೆ ಹೋಗುತ್ತದೆ. ಆ ಬಾಗಿಲಿನ ಬಟ್ಟೆ ಈ ಬಾಗಿಲ ಕಡೆ ಬರಕೂಡದು. ಬೆವರು, ಎಣ್ಣೆ ಹತ್ತಿದ್ದು ಬಿಳಿ ಚೀಲದಲ್ಲಿ, ರಕ್ತ ಹತ್ತಿದ್ದು ಹಳದಿ ಚೀಲದಲ್ಲಿ. ಕೈಗೆ ದಪ್ಪ ಗವಸು ಹಾಕಿ ಬಟ್ಟೆ ಬೇರ್ಪಡಿಸುತ್ತಾರೆ. ಆಮೇಲೆ ಮೂರು ದೊಡ್ಡ ಯಂತ್ರ, ಕುದಿಯಲು ಸ್ವಲ್ಪ ಕಡಿಮೆ ಎನ್ನುವಷ್ಟು ಬಿಸಿ ನೀರು, ಬ್ಲೀಚು. ಅದಾದ ಮೇಲೆ ಒಣಗಿಸುವುದು, ಉರುಳೆಗಳ ನಡುವೆ ತೂರಿಸಿ ಇಸ್ತ್ರಿ ಮಾಡುವುದು, ಮಡಿಸುವುದು, ಹರಿದದ್ದಕ್ಕೆ ತೇಪೆ ಹಾಕುವುದು. ನನ್ನದು ಮಡಿಸುವ ಕೆಲಸ, ಮತ್ತು ಯಾವ ವಾರ್ಡಿಗೆ ಎಷ್ಟು ಹೋಯಿತು ಎಂದು ಪುಸ್ತಕದಲ್ಲಿ ಬರೆಯುವುದು. ಕೊಳೆ ಬಾಗಿಲ ಕಡೆ ನನ್ನನ್ನು ದೊಡ್ಡಮ್ಮ ಬಿಡುತ್ತಿರಲಿಲ್ಲ.

ದೊಡ್ಡಮ್ಮ ಈ ಕೆಲಸಕ್ಕೆ ಬಂದ ಬಗೆಯನ್ನು ಮೊದಲು ಹೇಳಬೇಕು. ಅವಳಿಗೆ ನಲವತ್ತೊಂದು ವರ್ಷವಾಗಿದ್ದಾಗ ದೊಡ್ಡಪ್ಪ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲೆ ಹೊದಿಸಿದ್ದ ಬಟ್ಟೆಗೆ ಎದೆಯ ಮೇಲೆ ಸರಿಯಾಗಿ ಒಂದು ತೇಪೆ ಇತ್ತು, ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು. ಬಂದವರೆಲ್ಲ ಮುಖ ನೋಡುವ ಬದಲು ತೇಪೆ ನೋಡಿದರು ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಹದಿಮೂರು ದಿನ ಕಳೆದ ಮೇಲೆ ಅವಳು ಬಟ್ಟೆಕೋಣೆ ಹುಡುಕಿಕೊಂಡು ಬಂದು ಆಗಿನ ಮೇಸ್ತ್ರಿಯ ಮೇಲೆ ರೇಗಿದಳು. ಆ ಮುದುಕ ಸುಮ್ಮನೆ ಕೇಳಿಸಿಕೊಂಡು, "ನಿಂಗೆ ಅಷ್ಟು ಕಣ್ಣಿದ್ರೆ ನೀನೇ ಬಂದು ಆರಿಸಮ್ಮ" ಎಂದನಂತೆ. ಆಮೇಲೆ ಅವಳನ್ನು ಕೂರಿಸಿ, ಶೆಖೆ, ವಾಸನೆ, ರಕ್ತ, ಬೆನ್ನುನೋವು ಎಲ್ಲವನ್ನೂ ಒಂದೊಂದಾಗಿ ಹೇಳಿದನಂತೆ.

"ಮೊದಲು ಕೆಟ್ಟದ್ದೆಲ್ಲಾ ಹೇಳಿ ಮುಗಿಸ್ದ. ಆಮೇಲೆ ಚಹಾ ಕೊಟ್ಟ" ಎಂದು ದೊಡ್ಡಮ್ಮ ನೂರು ಸಲ ಹೇಳಿದ್ದಾಳೆ. "ಚಹಾ ಮೊದಲು ಕೊಟ್ಟಿದ್ರೆ ನಾನು ನಂಬ್ತಿರಲಿಲ್ಲ ಕಣೇ."

ನೂರು ಸಲ ಕೇಳಿದ್ದರೂ ನನಗೆ ಅದು ಅರ್ಥವಾಗಿರಲಿಲ್ಲ. ಅದನ್ನೇ ಮುಂದೆ ಬರೆಯುತ್ತೇನೆ.

ಅವಳು ಬಂದ ಮೇಲೆ ಒಂದು ಪದ್ಧತಿ ಮಾಡಿದಳು. ಮಡಿಸುವ ಮೇಜಿನ ಕೊನೆಯಲ್ಲಿ ಒಂದು ಸಣ್ಣ ಕಪಾಟು. ಅದರಲ್ಲಿ ತೇಪೆ ಇಲ್ಲದ, ಕಲೆ ಇಲ್ಲದ ಆರು ಬಿಳಿ ಹೊದಿಕೆಗಳು ಯಾವಾಗಲೂ ಇರಬೇಕು. ಅವು ತೀರಿಕೊಂಡವರಿಗೆ. ಬದುಕಿರುವವರಿಗೆ ತೇಪೆ ಇದ್ದರೆ ಬಯ್ದುಕೊಂಡಾದರೂ ಹೊದೆಯುತ್ತಾರೆ, ಬಯ್ಯಲಾಗದವರಿಗೆ ಒಳ್ಳೆಯದು ಹೋಗಬೇಕು ಎನ್ನುತ್ತಿದ್ದಳು.

ಹೋದ ವರ್ಷದ ಕೊನೆಗೆ ಅವಳ ಕಾಲು ಊದತೊಡಗಿತು. ಡಾಕ್ಟರು ಪರೀಕ್ಷೆ ಮಾಡಿ ಹೃದಯ ದೊಡ್ಡದಾಗಿದೆ ಎಂದರು. ಬಾಯ್ಲರ್ ನೋಡಿಕೊಳ್ಳುವವರನ್ನು ನಾವು ಬಾಯ್ಲರ್ ಮಾವ ಎನ್ನುತ್ತೇವೆ. ಅವರು ಕೇಳಿ, "ಅದಕ್ಕೆ ಪರೀಕ್ಷೆ ಯಾಕೆ ಬೇಕಿತ್ತು? ನಮ್ಮನ್ನ ಕೇಳಿದ್ರೆ ಹೇಳ್ತಿದ್ವಿ" ಎಂದರು. ದೊಡ್ಡಮ್ಮ ನಕ್ಕಳು. ಆದರೆ ಡಾಕ್ಟರು ಭಾರ ಎತ್ತಬೇಡಿ, ಕೆಲಸ ಬಿಡಿ ಎಂದಿದ್ದರು. ಅದಕ್ಕೆ ಅವಳು ನಗಲಿಲ್ಲ.

ಬಿಡುವುದು ಸುಲಭವಾಗಿರಲಿಲ್ಲ. ಆಸ್ಪತ್ರೆಯ ಆಡಳಿತದ ಸಾಹೇಬರು ಸ್ಪಷ್ಟವಾಗಿ ಹೇಳಿದ್ದರು. ಒಂದೂವರೆ ತಿಂಗಳೊಳಗೆ ಅವಳ ಜಾಗಕ್ಕೆ ಒಬ್ಬರು ಸಿಗದಿದ್ದರೆ ಬಟ್ಟೆಕೋಣೆ ಮುಚ್ಚಿ, ಬಟ್ಟೆಯನ್ನೆಲ್ಲ ಹೊರಗಿನವರಿಗೆ ಗುತ್ತಿಗೆ ಕೊಡುತ್ತಾರೆ. ಹಾಗಾದರೆ ನಾವು ನಾಲ್ವರು ಮನೆಗೆ ಹೋಗಬೇಕು. ಬಾಯ್ಲರ್ ಮಾವನಿಗೆ ಐವತ್ತೆಂಟು. ಯಂತ್ರದ ಹತ್ತಿರ ಇರುವ ಇಬ್ಬರು ಅಕ್ಕ ತಂಗಿಯರಿಗೆ ಮಾತು ಬಾರದು, ಕಿವಿ ಕೇಳದು. ಮತ್ತೆ ನಾನು. ನಮ್ಮನ್ನು ಬೇರೆ ಕಡೆ ಯಾರೂ ಕರೆಯುವುದಿಲ್ಲ ಎಂದು ದೊಡ್ಡಮ್ಮನಿಗೆ ಗೊತ್ತಿತ್ತು.

"ಒಬ್ಬರು ಸಿಕ್ಕಿ, ಅವರಿಗೆ ಕಲಿಸಿಟ್ಟು ಆಮೇಲೆ ಮಲಗ್ತೀನಿ. ಎಂಟು ಗಂಟೆವರೆಗೂ ಮಲಗ್ತೀನಿ, ಯಾರೂ ಎಬ್ಬಿಸ್ಕೂಡದು" ಎಂದಳು. ಅವಳು ಬೆಳಿಗ್ಗೆ ಎಂಟರವರೆಗೆ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಸಾಹೇಬರು ಜಾಹೀರಾತು ಬರೆದು ಗೇಟಿನ ಫಲಕಕ್ಕೆ ಅಂಟಿಸಿದರು, ಪತ್ರಿಕೆಗೂ ಕೊಟ್ಟರು. ಸಾಹೇಬರಿಗೆ ನಮ್ಮಲ್ಲಿ ಕಡ್ಡಾಯ ಸಾಹೇಬರು ಎಂದೇ ಹೆಸರು. ಅವರು ಬರೆಯುವ ಯಾವ ಕಾಗದವೂ ಆ ಪದ ಇಲ್ಲದೆ ಮುಗಿಯದು. ಎರಡು ವಾರವಾದರೂ ಒಬ್ಬರೂ ಬರಲಿಲ್ಲ. ಮೂರನೇ ವಾರ ದೊಡ್ಡಮ್ಮ ನನಗೆ, "ಅದರಲ್ಲಿ ಏನ್ ಬರೆದಿದಾರೆ, ಓದು" ಎಂದಳು. ಅವಳು ನಾಲ್ಕನೇ ತರಗತಿಯವರೆಗೆ ಓದಿದ್ದಳು, ಆದರೆ ಈಚೆಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅವಳೊಬ್ಬಳ ಮುಂದೆ ಓದುವಾಗ ನನ್ನ ಗಂಟಲು ಕಟ್ಟುತ್ತಿರಲಿಲ್ಲ. ನಾನು ಓದಿದೆ.

"ಲಾಂಡ್ರಿ ಮೇಲ್ವಿಚಾರಕರು ಬೇಕಾಗಿದ್ದಾರೆ. ಹತ್ತನೇ ತರಗತಿ ತೇರ್ಗಡೆ ಕಡ್ಡಾಯ. ಆಸ್ಪತ್ರೆ ಲಾಂಡ್ರಿಯಲ್ಲಿ ಐದು ವರ್ಷಗಳ ಅನುಭವ ಕಡ್ಡಾಯ. ವಯಸ್ಸು ಮೂವತ್ತೈದು ಮೀರಿರತಕ್ಕದ್ದಲ್ಲ. ಭಾರ ಎತ್ತಲು ಹಾಗೂ ಒತ್ತಡದಲ್ಲಿ ದುಡಿಯಲು ಸಮರ್ಥರಿರತಕ್ಕದ್ದು. ಪದೇ ಪದೇ ರಜೆ ಕೋರುವವರು, ಸಂಸಾರದ ನೆಪ ಹೇಳುವವರು ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ಸಂಬಳ ಅರ್ಹತೆಗೆ ತಕ್ಕಂತೆ. ಅನರ್ಹರ ಅರ್ಜಿಗಳನ್ನು ಕಾರಣ ನೀಡದೆ ತಿರಸ್ಕರಿಸಲಾಗುವುದು."

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, "ಇದು ಕೆಲಸಕ್ಕೆ ಕರೆಯೋದಾ, ಕಳ್ಳನ್ನ ಹಿಡಿಯೋದಾ?" ಎಂದಳು. ಆಮೇಲೆ, "ಈ ಪ್ರಕಾರ ನೋಡಿದ್ರೆ ನನ್ನನ್ನೇ ಗೇಟಿಂದ ಓಡಿಸ್ತಿದ್ರು" ಎಂದಳು.

ಅವಳು ಎದ್ದು ಸಾಹೇಬರ ಕೋಣೆಗೆ ಹೋದಳು. ನಾನು ಹಿಂದೆ ಹೋಗಿ ಬಾಗಿಲ ಹತ್ತಿರ ನಿಂತೆ.

"ಸಾರ್, ಇದನ್ನ ಬೇರೆ ಥರ ಬರೀಬೇಕು" ಎಂದಳು ದೊಡ್ಡಮ್ಮ.

"ಮೆತ್ತಗೆ ಬರೆದ್ರೆ ಸಂತೆ ಸೇರುತ್ತಮ್ಮ. ಹಿಂದೆ ಒಂದ್ಸಲ ಹಂಗೆ ಬರೆದು ಇನ್ನೂರು ಜನ ಬಂದ್ರು. ಒಬ್ಬೊಬ್ಬರನ್ನೂ ಮಾತಾಡಿಸಿ ಮಾತಾಡಿಸಿ ನಂಗೆ ಜ್ವರ ಬಂತು" ಎಂದರು ಸಾಹೇಬರು.

"ಈಗ ಒಬ್ರೂ ಬಂದಿಲ್ಲ ಸಾರ್. ಜ್ವರ ಬರಲಿ ಅಂತ ನಾನು ಹೇಳಲ್ಲ. ಆದ್ರೆ ಬಾಗಿಲಲ್ಲಿ ನಾಯಿ ಕಟ್ಟಿ, ಊಟಕ್ಕೆ ಬನ್ನಿ ಅಂದ್ರೆ ಯಾರ್ ಬರ್ತಾರೆ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟವರಲ್ಲ. "ಸರಿ, ನೀವೇ ಬರೆದು ತನ್ನಿ. ನೋಡೋಣ" ಎಂದರು.

ಬಟ್ಟೆ ವಿಂಗಡಿಸಿದ ಹಾಗೆಯೇ ದೊಡ್ಡಮ್ಮ ಜಾಹೀರಾತನ್ನೂ ವಿಂಗಡಿಸಿದಳು. ಕತ್ತರಿ ತರಿಸಿ, ಒಂದೊಂದು ಷರತ್ತನ್ನೂ ಒಂದೊಂದು ಪಟ್ಟಿಯಾಗಿ ಕತ್ತರಿಸಲು ಹೇಳಿದಳು. ಮಡಿಸುವ ಮೇಜಿನ ಮೇಲೆ ಎರಡು ಕಡೆ ಜಾಗ ಮಾಡಿದಳು. ಬಂದ ಮೊದಲ ದಿನವೇ ಬೇಕಾದ್ದು ಒಂದು ಕಡೆ. ಬಂದ ಮೇಲೆ ಕಲಿಸಬಹುದಾದ್ದು ಇನ್ನೊಂದು ಕಡೆ. ಬೇಡವೇ ಬೇಡವಾದ್ದು ನೆಲದ ಬುಟ್ಟಿಗೆ.

ನಾನು ಓದುತ್ತಿದ್ದೆ, ಅವಳು ಹೇಳುತ್ತಿದ್ದಳು.

"ಐದು ವರ್ಷ ಅನುಭವ."

"ಯಂತ್ರ ಎರಡು ತಿಂಗಳಲ್ಲಿ ಬರುತ್ತೆ. ಕಲಿಸೋದು."

"ಮೂವತ್ತೈದು ವಯಸ್ಸು."

"ಬುಟ್ಟಿಗೆ."

"ಸಂಸಾರದ ನೆಪ."

"ಸಂಸಾರ ಇಲ್ದೆ ಯಾರು ಕಣೇ ಈ ಕೆಲಸಕ್ಕೆ ಬರೋರು? ಬುಟ್ಟಿಗೆ. ಹರಿದು ಹಾಕು."

"ಭಾರ ಎತ್ತೋದು."

ಇಲ್ಲಿ ಅವಳು ನಿಂತಳು. "ಅದು ನಿಜ. ಒದ್ದೆ ಬಟ್ಟೆ ಭಾರ ಇರುತ್ತೆ. ಆದ್ರೆ ಗಾಡಿ ಇದೆ, ಇಬ್ಬರು ಹಿಡೀತಾರೆ. ಹಂಗೇ ಬರಿ. ಎಷ್ಟು ಭಾರ, ಯಾರು ಜೊತೆಗಿರ್ತಾರೆ, ಎರಡೂ."

"ಹತ್ತನೇ ತರಗತಿ."

ನಾನು ಮೆಲ್ಲಗೆ ಓದಿದೆ. ದೊಡ್ಡಮ್ಮ ನನ್ನ ಮುಖ ನೋಡಿದಳು. "ಓದೋಕೆ ಬರಬೇಕು, ಎಣಿಸೋಕೆ ಬರಬೇಕು. ಅಷ್ಟು ಸಾಕು. ಎಲ್ಲಿ ಕಲಿತ್ರು ಅಂತ ನಮಗ್ಯಾಕೆ?" ಎಂದು ಪಟ್ಟಿಯನ್ನು ತಾನೇ ತೆಗೆದು ಬುಟ್ಟಿಗೆ ಹಾಕಿದಳು.

ಮೊದಲ ದಿನವೇ ಬೇಕಾದ್ದರ ಜಾಗದಲ್ಲಿ ಪಟ್ಟಿಗಳು ಕಡಿಮೆ ಇದ್ದವು. ಅವಳು ಒಂದನ್ನು ಹೊಸದಾಗಿ ಸೇರಿಸಿದಳು: ಕೂಗಾಡದೆ ಕೆಲಸ ಮಾಡಿಸಲು ಬರಬೇಕು. "ಆ ಹುಡುಗೀರಿಗೆ ಕಿವಿ ಕೇಳಲ್ಲ. ಕೂಗಿದ್ರೆ ಏನು ಪ್ರಯೋಜನ? ಕೈಯಲ್ಲಿ ತೋರಿಸಿ ಹೇಳೋ ತಾಳ್ಮೆ ಬೇಕು" ಎಂದಳು. ಸಂಬಳ ಎಷ್ಟೆಂದು ನೇರವಾಗಿ ಬರೆಯಬೇಕು, ಯಾರನ್ನು ಕೇಳಬೇಕು ಎಂದೂ ಬರೆಯಬೇಕು, ಬಂದವರಿಗೆಲ್ಲ ಆಯಿತು ಅಥವಾ ಇಲ್ಲ ಎಂದು ಉತ್ತರ ಕೊಡಬೇಕು ಎಂದಳು. ನಾನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ.

ಕೊನೆಗೆ, "ಈಗ ಕೆಟ್ಟದ್ದು ಬರಿ" ಎಂದಳು. ಶೆಖೆ ಹೇಳಿದಳು. ವಾಸನೆ, ರಕ್ತ, ಸತ್ತವರ ಬಟ್ಟೆ ಹೇಳಿದಳು. ಆಮೇಲೆ ಸೂಜಿ ಹೇಳಿದಳು. ಚುಚ್ಚಿದ ಸೂಜಿಯನ್ನು ವಾರ್ಡಿನವರು ಡಬ್ಬಿಗೆ ಹಾಕಬೇಕು. ಅವಸರದಲ್ಲಿ ಕೆಲವು ಸಲ ಹಾಸಿಗೆ ಮೇಲೆಯೇ ಬಿಡುತ್ತಾರೆ, ಅದು ಬಟ್ಟೆಯ ಜೊತೆ ಸುತ್ತಿಕೊಂಡು ನಮ್ಮಲ್ಲಿಗೆ ಬರುತ್ತದೆ. ಹಿಂದಿನ ವರ್ಷ ಮೂರು ಸಲ ಚುಚ್ಚಿತ್ತು, ಎರಡು ಸಲ ದೊಡ್ಡಮ್ಮನಿಗೇ.

ಅದನ್ನೂ ಬರೆದುಕೊಂಡೆ. ಆದರೆ ಮರುದಿನ ಚೆನ್ನಾದ ಹಾಳೆಯಲ್ಲಿ ಎತ್ತಿ ಬರೆಯುವಾಗ ನನ್ನ ಕೈ ಅಲ್ಲಿ ನಿಂತಿತು. ಈ ಸಾಲು ಓದಿದರೆ ಯಾರು ಬರುತ್ತಾರೆ? ಮೂರು ವಾರವಷ್ಟೇ ಉಳಿದಿತ್ತು. ದೊಡ್ಡಮ್ಮನ ಕಾಲು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಉಳಿದ ಕೆಟ್ಟದ್ದನ್ನೆಲ್ಲ ಬರೆದೆ. ಸೂಜಿಯ ಸಾಲನ್ನು ಬಿಟ್ಟೆ. ಜಾಗ ಸಾಲಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜಾಗ ಇತ್ತು. ಹಾಳೆಯ ಕೆಳಗೆ ಎರಡು ಬೆರಳಿನಷ್ಟು ಖಾಲಿ ಇತ್ತು.

ದೊಡ್ಡಮ್ಮ ಹಾಳೆಯನ್ನು ದೂರ ಹಿಡಿದು ನೋಡಿದಳು. "ಎಲ್ಲಾ ಬರೆದ್ಯಾ?" ಎಂದಳು. ನಾನು ಹೂಂ ಎಂದೆ.

ಸಾಹೇಬರು ಓದಿ, "ಕಡ್ಡಾಯ ಅಂತ ಒಂದೂ ಇಲ್ವಲ್ಲ" ಎಂದು ಬೇಸರ ಮಾಡಿಕೊಂಡರು. ಆದರೂ ಸಹಿ ಹಾಕಿದರು.

ನಾಲ್ಕನೇ ದಿನ ಒಬ್ಬರು ಬಂದರು. ಮಾರುಕಟ್ಟೆ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದು, ಕಟ್ಟಡ ಕೆಡವಿದ್ದರಿಂದ ಅಂಗಡಿ ಕಳೆದುಕೊಂಡವರು. ನಾವು ಅವರನ್ನು ಟೈಲರಕ್ಕ ಎಂದೆವು. ನಲವತ್ತು ದಾಟಿತ್ತು, ಇಬ್ಬರು ಮಕ್ಕಳು. ಜಾಹೀರಾತನ್ನು ಗೇಟಿನಲ್ಲಿ ನಿಂತು ಎರಡು ಸಲ ಓದಿದರಂತೆ.

"ಬಟ್ಟೆಕೋಣೆ ನೋಡ್ಕೊಳ್ಳೋರು ನೀವಾಗಿರಬಹುದು ಅಂತ ಬರೆದಿದ್ರಲ್ಲಾ, ಅದನ್ನ ನೋಡಿ ಒಳಗೆ ಬರೋ ಧೈರ್ಯ ಬಂತು" ಎಂದರು. ದೊಡ್ಡಮ್ಮ ನನ್ನ ಕಡೆ ಬೆರಳು ತೋರಿಸಿ, "ಇವಳು ಬರೆದದ್ದು" ಎಂದಳು. ನಾನು ಮಡಿಸುತ್ತಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡೆ.

ದೊಡ್ಡಮ್ಮ ಅವರನ್ನು ಕೂರಿಸಿ ಕೆಟ್ಟದ್ದೆಲ್ಲ ಮತ್ತೆ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಅವಳಿಗೆ ಏದುಸಿರು ಬಂದು ಕೂತುಬಿಟ್ಟಳು. "ಎಲ್ಲಾ ಓದಿದ್ದೀರಲ್ವಾ ತಾಯಿ?" ಎಂದು ಮಾತ್ರ ಕೇಳಿದಳು. "ಎಲ್ಲಾ ಓದಿದೀನಿ ಅಕ್ಕ" ಎಂದರು ಟೈಲರಕ್ಕ. ಅವರು ಓದಿದ್ದರಲ್ಲಿ ಸೂಜಿ ಇರಲಿಲ್ಲ. ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಅವರಿಗೆ ಕಾಮಾಲೆ ಬಾರದಂತೆ ಹಾಕುವ ಮೂರು ಚುಚ್ಚುಮದ್ದಿನಲ್ಲಿ ಮೊದಲನೆಯದನ್ನು ಹಾಕಿಸಿದರು. ಗವಸು ಕೊಟ್ಟರು. ಅವರ ಕೈ ಚುರುಕು. ಬೇರೆ ಬಣ್ಣದ ದಾರದ ತೇಪೆಗಳನ್ನೆಲ್ಲ ಬಿಚ್ಚಿ ಬಿಳಿ ದಾರದಲ್ಲಿ ಹೊಲಿದರು. ದೊಡ್ಡಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿ, "ಇನ್ನು ಮಲಗಬಹುದು ನಾನು" ಎಂದಳು.

ಐದನೇ ದಿನ ಬೆಳಿಗ್ಗೆ ಹಳದಿ ಚೀಲ ಬಿಚ್ಚುವಾಗ ಟೈಲರಕ್ಕ ಹಾ ಎಂದರು. ಬಟ್ಟೆಯ ರಾಶಿಯನ್ನು ಹೊಲಿಗೆಯವರು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಬಾಚಿ ಎದೆಗೆ ಅವಚಿಕೊಂಡಿದ್ದರು. ನಮ್ಮವರು ಹಾಗೆ ಎತ್ತುವುದಿಲ್ಲ. ಮೂಲೆ ಹಿಡಿದು ಒಂದೊಂದನ್ನೇ ಬಿಡಿಸಿ ಕೊಡವುತ್ತಾರೆ, ಸೂಜಿ ಇದ್ದರೆ ಮೇಜಿನ ಮೇಲೆ ಬೀಳಲಿ ಎಂದು. ಹಾಗೆ ಏಕೆ ಮಾಡುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸೂಜಿ ಗವಸಿನ ಮೇಲಿನ ತೋಳಿಗೆ ಇಳಿದಿತ್ತು.

ದೊಡ್ಡಮ್ಮ ತಾನೇ ಅವರ ತೋಳನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದಳು, ಹಿಂಡಬೇಡಿ ಎಂದಳು, ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದಳು. ಸೂಜಿ ಯಾವ ರೋಗಿಯದೆಂದು ತಿಳಿಯಲಿಲ್ಲ. ಅದಕ್ಕೆ ಎಚ್‌ಐವಿ ತಗಲದಿರಲಿ ಎಂದು ಇಪ್ಪತ್ತೆಂಟು ದಿನ ಮಾತ್ರೆ ನುಂಗಲು ಕೊಟ್ಟರು. ಅದೇ ದಿನ ಒಂದು ರಕ್ತಪರೀಕ್ಷೆ, ಆರು ವಾರಕ್ಕೆ ಒಂದು, ಮೂರು ತಿಂಗಳಿಗೆ ಒಂದು.

ಸಂಜೆ ಟೈಲರಕ್ಕ ಗವಸನ್ನು ಮೇಜಿನ ಮೇಲಿಟ್ಟರು. ಅಳುತ್ತಿರಲಿಲ್ಲ.

"ಶೆಖೆ ಬರೆದಿದ್ರಿ. ರಕ್ತ ಬರೆದಿದ್ರಿ. ಸತ್ತವರ ಬಟ್ಟೆ ಅಂತಾನೂ ಬರೆದಿದ್ರಿ. ಅಷ್ಟೆಲ್ಲಾ ಹೇಳಿದೋರು ಏನನ್ನೂ ಮುಚ್ಚಿಟ್ಟಿರಲ್ಲ ಅಂದ್ಕೊಂಡೆ" ಎಂದರು. "ಹಳೇ ಕಾಗದ ಆಗಿದ್ರೆ ನಾನು ಹುಷಾರಾಗಿರ್ತಿದ್ದೆ. ಇದನ್ನ ನಂಬಿದೆ."

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಸೂಜಿ ಬರೆದಿದ್ದೆ ತಾನೇ?"

ನನ್ನ ಗಂಟಲು ಕಟ್ಟಿತು. ಶಾಲೆಯಲ್ಲಿ ಕಟ್ಟುತ್ತಿದ್ದ ಹಾಗೆ. ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅವಳು ಬಯ್ದಿದ್ದರೆ ಚೆನ್ನಾಗಿತ್ತು. ಟೈಲರಕ್ಕನ ಕೈ ಹಿಡಿದು, "ತಪ್ಪು ನಮ್ಮದು ತಾಯಿ. ಔಷಧಿ, ಪರೀಕ್ಷೆ ಎಲ್ಲಾ ಆಸ್ಪತ್ರೆಯದ್ದೇ. ಅದಕ್ಕೆ ನಾನು ನಿಂತ್ಕೊಳ್ತೀನಿ" ಎಂದಳು. ಅವರು ಕೈ ಬಿಡಿಸಿಕೊಂಡು ಹೋದರು.

ಮನೆಗೆ ಹೋಗುವ ದಾರಿಯಲ್ಲಿ ದೊಡ್ಡಮ್ಮ ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡಳು. ಮೂರನೇ ಸಲ ನಿಂತಾಗ ಹೇಳಿದಳು, "ನನ್ನ ಕಣ್ಣು ಹೋಯ್ತು ಅಂತ ನಿನ್ನ ಕಣ್ಣು ನಂಬಿದೆ ಪುಟ್ಟಿ." ಅಷ್ಟೇ. ಮನೆ ತಲುಪಿದ ಮೇಲೆ ಎಂದಿನಂತೆ ನನ್ನ ತಟ್ಟೆಗೆ ಮೊದಲು ಬಡಿಸಿದಳು.

ಮರುದಿನದಿಂದ ಕೊಳೆ ಬಾಗಿಲಿಗೆ ಅವಳೇ ನಿಂತಳು. ನಾನು ನಿಲ್ಲುತ್ತೇನೆ ಎಂದರೆ ಬಿಡಲಿಲ್ಲ. ಬಾಯ್ಲರ್ ಮಾವ ಚೀಲ ಎತ್ತಿಕೊಡುತ್ತಿದ್ದರು, ಆದರೂ ಬಗ್ಗಿ ಏಳುವುದು ಅವಳಿಗೇ ಇತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನನ್ನು ಕರೆದು, "ಬಾ, ಈಗ ಸರಿಯಾಗಿ ಬರಿ" ಎಂದಳು. ನಾನು ಬರೆದೆ. ಒಂದೊಂದು ಸಾಲು ಬರೆದಾಗಲೂ ಗಟ್ಟಿಯಾಗಿ ಓದಿಸಿದಳು. ಅದು ಇಲ್ಲಿದೆ.

"ಬಟ್ಟೆಕೋಣೆಗೆ ಒಬ್ಬರು ಬೇಕಾಗಿದ್ದಾರೆ. ಈ ಆಸ್ಪತ್ರೆಯ ನೂರ ಇಪ್ಪತ್ತು ಹಾಸಿಗೆಗಳಿಗೆ ದಿನವೂ ಒಗೆದ ಬಟ್ಟೆ ಹೋಗುವುದು ನಮ್ಮ ಕೋಣೆಯಿಂದ. ಅದನ್ನು ನೋಡಿಕೊಳ್ಳುವವರು ನೀವಾಗಿರಬಹುದು.

ಕೆಲಸ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆಯವರೆಗೆ. ವಾರಕ್ಕೆ ಒಂದು ದಿನ ರಜೆ. ಮನೆಯಲ್ಲಿ ಕಷ್ಟ ಬಂದರೆ ಹೇಳಿ, ಹೊಂದಿಸಿಕೊಳ್ಳುತ್ತೇವೆ. ಸಂಬಳ ತಿಂಗಳಿಗೆ ಹದಿನಾರು ಸಾವಿರ. ಓದಲು, ಎಣಿಸಲು, ಕೂಗಾಡದೆ ಕೆಲಸ ಮಾಡಿಸಲು ಬರಬೇಕು. ಉಳಿದದ್ದನ್ನು ಎರಡು ತಿಂಗಳಲ್ಲಿ ಕಲಿಸುತ್ತೇವೆ. ವಯಸ್ಸು, ಶಾಲೆ ಕೇಳುವುದಿಲ್ಲ.

ಕಷ್ಟಗಳನ್ನು ಮೊದಲೇ ಹೇಳುತ್ತೇವೆ. ಕೋಣೆ ಸದಾ ಶೆಖೆ. ಒದ್ದೆ ಬಟ್ಟೆ ಭಾರ, ಗಾಡಿ ಇದೆ, ಜೊತೆಗೆ ಒಬ್ಬರಿರುತ್ತಾರೆ. ರಕ್ತ, ವಾಂತಿ, ಹೊಲಸು ಆದ ಬಟ್ಟೆ ಬರುತ್ತದೆ. ತೀರಿಕೊಂಡವರ ಬಟ್ಟೆ ಬರುತ್ತದೆ. ಬಟ್ಟೆಯಲ್ಲಿ ಕೆಲವು ಸಲ ಚುಚ್ಚಿದ ಸೂಜಿ ಉಳಿದಿರುತ್ತದೆ. ಹೋದ ವರ್ಷ ಮೂರು ಸಲ, ಈ ವರ್ಷ ಒಂದು ಸಲ ನಮ್ಮವರಿಗೆ ಚುಚ್ಚಿದೆ. ದಪ್ಪ ಗವಸು ಕೊಡುತ್ತೇವೆ. ಕಾಮಾಲೆ ತಡೆಯುವ ಚುಚ್ಚುಮದ್ದು ಹಾಕಿಸುತ್ತೇವೆ. ಬಟ್ಟೆ ಹೇಗೆ ಬಿಡಿಸಬೇಕೆಂದು ಮೊದಲ ದಿನವೇ ತೋರಿಸುತ್ತೇವೆ. ಆದರೂ ಅಪಾಯ ಪೂರ್ತಿ ಹೋಗುವುದಿಲ್ಲ.

ಯೋಚನೆ ಇದ್ದರೆ ಹಿಂದಿನ ಬಾಗಿಲಿಗೆ ಬನ್ನಿ, ಒಂದು ದಿನ ನಿಂತು ನೋಡಿ. ಬೇಡವೆನಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಂದವರಿಗೆಲ್ಲ ವಾರದೊಳಗೆ ಉತ್ತರ ಹೇಳುತ್ತೇವೆ."

ಸಾಹೇಬರು ಸೂಜಿಯ ಸಾಲಿಗೆ ಬಂದು ಕಾಗದ ಕೆಳಗಿಟ್ಟರು. "ಇದನ್ನ ಗೇಟಿಗೆ ಅಂಟಿಸಿದ್ರೆ ಆಸ್ಪತ್ರೆ ಮಾನ ಏನಾಗ್ಬೇಕು?"

"ಮಾನ ತೆಗೀತಿರೋದು ಸೂಜಿ ಸಾರ್, ಕಾಗದ ಅಲ್ಲ" ಎಂದಳು ದೊಡ್ಡಮ್ಮ. ಕುರ್ಚಿ ಹಿಡಿದುಕೊಂಡು ನಿಂತಿದ್ದಳು. "ಅದನ್ನ ಅಂಟಿಸಕ್ಕೆ ನಾಚಿಕೆ ಆದ್ರೆ ವಾರ್ಡಿಗೆ ಬರೀರಿ. ಸೂಜಿ ಡಬ್ಬಿಗೇ ಹಾಕ್ಬೇಕು ಅಂತ. ನಿಮ್ಮ ಕಡ್ಡಾಯ ಅಲ್ಲಿ ಹಾಕಿ."

ಸಾಹೇಬರು ಅವಳಿಗೆ ಕೂರಿ ಎಂದರು. ಅವಳು ಕೂರಲಿಲ್ಲ. ಅವರು ಬಹಳ ಹೊತ್ತು ಕಾಗದ ನೋಡಿ ಸಹಿ ಹಾಕಿದರು. ಅದೇ ದಿನ ಎಲ್ಲ ವಾರ್ಡುಗಳಿಗೂ ಒಂದು ಆದೇಶ ಹೋಯಿತು. ಅದರಲ್ಲಿ ಕಡ್ಡಾಯ ನಾಲ್ಕು ಸಲ ಇತ್ತು. ಓದಿ ಹೇಳಿದಾಗ ದೊಡ್ಡಮ್ಮ, "ಆ ಪದ ಈಗ ಅದರ ಮನೆ ಸೇರ್ತು" ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಆರನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವಳು ಏಳಲಿಲ್ಲ. ಅಮ್ಮ ಚಹಾ ಹಿಡಿದು ಹೋಗಿ, ಲೋಟ ಬಿಟ್ಟು ಕೂಗಿದಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಹತ್ತು ಗಂಟೆಗೆ ಡಾಕ್ಟರು ಹೊರಗೆ ಬಂದು ತಲೆ ತಗ್ಗಿಸಿದರು. ಎಂಟು ಗಂಟೆವರೆಗೆ ಮಲಗಬೇಕು ಎಂದಿದ್ದಳಲ್ಲ ಎಂಬುದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ವಾರ್ಡಿನಿಂದ ಬಟ್ಟೆಕೋಣೆಗೆ ಚೀಟಿ ಬಂತು: ಹೊದಿಕೆ ಒಂದು. ಬಾಯ್ಲರ್ ಮಾವ ಚೀಟಿ ಹಿಡಿದು ನಿಂತಿದ್ದರು. ನಾನು ಸಣ್ಣ ಕಪಾಟು ತೆರೆದೆ. ಆರು ಹೊದಿಕೆಗಳಿದ್ದವು, ಅವಳೇ ಹಿಂದಿನ ದಿನ ಜೋಡಿಸಿಟ್ಟದ್ದು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತೇಪೆ ಇಲ್ಲ, ಕಲೆ ಇಲ್ಲ. ಮೂಲೆ ಹಿಡಿದು ಕೊಡವಿದೆ. ನಾಲ್ಕನೆಯದನ್ನು ಆರಿಸಿದೆ. ಏಕೆ ಅದನ್ನೇ ಎಂದು ನನಗೂ ಗೊತ್ತಿಲ್ಲ. ಪುಸ್ತಕದಲ್ಲಿ ಬರೆದೆ. ನಾನೇ ತೆಗೆದುಕೊಂಡು ಹೋಗಿ ಹೊದಿಸಿದೆ. ಬಂದವರೆಲ್ಲ ಅವಳ ಮುಖವನ್ನೇ ನೋಡಿದರು.

ಟೈಲರಕ್ಕ ಹೋಗದೆ ಇದ್ದಿದ್ದರೆ ದೊಡ್ಡಮ್ಮ ಆ ಐದು ದಿನ ಬಗ್ಗಿ ಏಳಬೇಕಾಗಿರಲಿಲ್ಲ. ಡಾಕ್ಟರು, ಅದರಿಂದಲೇ ಎಂದು ಹೇಳಲಾಗದು, ಹೇಗೂ ಹೃದಯ ಸೋತಿತ್ತು ಎಂದರು. ಅಮ್ಮನೂ ಹಾಗೆಯೇ ಹೇಳುತ್ತಾಳೆ. ಆದರೂ ಎರಡು ಬೆರಳಿನಷ್ಟು ಖಾಲಿ ಜಾಗ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಸಾಹೇಬರು ಕೊಟ್ಟ ಗಡುವಿಗೆ ಮೂರು ದಿನ ಉಳಿದಿದ್ದಾಗ ಟೈಲರಕ್ಕ ಹಿಂದಿನ ಬಾಗಿಲಿಗೆ ಬಂದರು. ಮಾತ್ರೆ ತೆಗೆದುಕೊಳ್ಳಲು ಬಂದವರು ಗೇಟಿನಲ್ಲಿ ಹೊಸ ಕಾಗದ ನೋಡಿದ್ದರು. ಮಾತ್ರೆಯಿಂದ ವಾಕರಿಕೆ, ಮುಖ ಇಳಿದುಹೋಗಿತ್ತು.

"ದೊಡ್ಡಕ್ಕ ಎಲ್ಲಿ?" ಎಂದರು.

ನಾನು ಹೇಳಿದೆ. ಅವರು ಮೇಜಿನ ಅಂಚು ಹಿಡಿದುಕೊಂಡು ಕೂತರು. ಆಮೇಲೆ, "ಈ ಕಾಗದ ಯಾರು ಬರೆದಿದ್ದು?" ಎಂದರು.

"ನಾನೇ ಅಕ್ಕ. ಮೊದಲಿಂದೂ ನಾನೇ. ಸೂಜಿ ಬಿಟ್ಟಿದ್ದೂ ನಾನೇ. ದೊಡ್ಡಮ್ಮ ಹೇಳಿದ್ರು. ಯಾರೂ ಬರಲ್ಲ ಅಂತ ನಾನು ಬಿಟ್ಟೆ." ಇಷ್ಟು ಮಾತನ್ನು ನಾನು ಹೊರಗಿನವರ ಎದುರು ಒಂದೇ ಉಸಿರಿಗೆ ಆಡಿದ್ದು ಅದೇ ಮೊದಲು.

ಅವರು ನನ್ನನ್ನು ನೋಡಿದರು. ಕ್ಷಮಿಸಿದೆ ಎನ್ನಲಿಲ್ಲ. ಎನ್ನಬೇಕೆಂದು ನಾನೂ ಬಯಸಲಿಲ್ಲ.

"ನಂಗೆ ಈ ಕೆಲಸ ಬೇಡ ಮರಿ. ಆ ಬಾಗಿಲು ನೋಡಿದ್ರೆ ತೋಳು ನಡುಗುತ್ತೆ" ಎಂದರು. ಎದ್ದು ಹೊರಟವರು ತಿರುಗಿ, "ಒಂದು ಪ್ರತಿ ಬರೆದು ಕೊಡು. ನನ್ನ ನಾದಿನಿ ಹಾಸ್ಟೆಲಿನ ಅಡುಗೆಮನೆ ನೋಡ್ಕೋತಿದ್ಲು, ಈಗ ಮನೇಲಿದಾಳೆ. ಓದ್ಲಿ. ಓದಿದ ಮೇಲೂ ಬರ್ತೀನಿ ಅಂದ್ರೆ ಬರ್ಲಿ" ಎಂದರು.

ನಾನು ಅಲ್ಲೇ ಕೂತು ಬರೆದೆ. ಒಂದು ಸಾಲೂ ಬಿಡಲಿಲ್ಲ. ಅವರು ನಿಂತು ಓದಿ, ಸೂಜಿಯ ಸಾಲಿನ ಮೇಲೆ ಬೆರಳಿಟ್ಟು, ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡರು.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ನಾದಿನಿ ಬಂದರು. ಕೈಯಲ್ಲಿ ಕಾಗದ ಇತ್ತು. ಮೊದಲ ಮಾತೇ, "ಆ ಬಟ್ಟೆ ಹೆಂಗೆ ಬಿಡಿಸೋದು, ಅದನ್ನ ಮೊದಲು ತೋರ್ಸಿ" ಎಂದರು. ಒಂದು ದಿನ ನಿಂತು ನೋಡಿದರು. ಬಾಯ್ಲರ್ ಮಾವ ಅವರಿಗೆ ಶೆಖೆ, ವಾಸನೆ ಎಲ್ಲ ಇನ್ನೊಮ್ಮೆ ಹೇಳಿ ಮುಗಿಸಿ, ಆಮೇಲೆ ಚಹಾ ಕೊಟ್ಟರು. ಸಾಹೇಬರು ಗಡುವಿನ ಹಿಂದಿನ ದಿನ ಅವರಿಗೆ ಕೆಲಸದ ಪತ್ರ ಕೊಟ್ಟರು. ಬಟ್ಟೆಕೋಣೆ ಮುಚ್ಚಲಿಲ್ಲ.

ಆ ನಾದಿನಿ ನೀವೇ. ನೀವು ಕೇಳಿದ್ದಿರಿ, ದೊಡ್ಡಮ್ಮ ಹೇಗಿದ್ದರು ಎಂದು. ಹೀಗಿದ್ದರು. ಸಣ್ಣ ಕಪಾಟಿನಲ್ಲಿ ಈಗ ಐದು ಹೊದಿಕೆ ಇವೆ, ಆರನೆಯದು ಒಣಗುತ್ತಿದೆ.

ಬರುವ ಮಂಗಳವಾರ ಟೈಲರಕ್ಕನ ಎರಡನೇ ರಕ್ತಪರೀಕ್ಷೆ. ಅವರು ಬಾ ಎಂದು ಹೇಳಿಲ್ಲ. ನಾನು ಅರ್ಧ ದಿನ ರಜೆ ಬರೆದುಕೊಟ್ಟಿದ್ದೇನೆ. ಹತ್ತು ಗಂಟೆಗೆ ಹೋಗಿ, ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ, ಅವರು ಹೋಗು ಎನ್ನುವವರೆಗೆ ಕೂರುತ್ತೇನೆ.